ದೊಡ್ಡಮ್ಮನ ಫೋನಿನಲ್ಲಿ ಇವತ್ತು ಯಾವ ವಾರ?

ಎಲ್ಲರಿಗೂ ನಮಸ್ಕಾರ. ಮನೆಯ ಫೋನ್ ರಿಪೇರಿ ಇಲಾಖೆ ಯಾರ ತಲೆಗೆ ಕಟ್ಟಿದೆಯೋ ಅವರೇ ಇಲ್ಲಿ ಹೆಚ್ಚು ಸೇರಿದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತೆ. ಹಾಗಾಗಿ ಪೀಠಿಕೆ ಬಿಡ್ತೀನಿ. ಇವತ್ತು ಒಂದೇ ಎರರ್ ತಗೊಳ್ಳೋಣ. ಕ್ರೋಮ್‌ನಲ್ಲಿ ಕರೆಂಟ್ ಬಿಲ್ ಕಟ್ಟೋಕೆ ಹೋದಾಗ ಕೆಂಪು ತ್ರಿಕೋನದ ಜೊತೆ ಬರುವಂಥದ್ದು:

```
Your connection is not private
NET::ERR_CERT_DATE_INVALID
```

ಇದನ್ನು ಪದಕ್ಕೆ ಪದ ಇಟ್ಟು ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಅಂದುಬಿಟ್ಟರೆ ದೊಡ್ಡಮ್ಮ ಏನಂತಾರೆ? “ನಮ್ದು ಬಿಎಸ್ಎನ್ಎಲ್ ಕಣೋ, ಖಾಸಗಿ ಹೇಗಾಗುತ್ತೆ?” ನಗಬೇಡಿ, ಅವರ ಪ್ರಶ್ನೆ ಸರಿಯಾಗೇ ಇದೆ. ತಪ್ಪು ನಮ್ಮ ಅನುವಾದದ್ದು. ಮೇಲೆ ದೊಡ್ಡದಾಗಿ ಕಾಣೋ ಸಾಲು ಹೆದರಿಸುತ್ತೆ ಅಷ್ಟೆ, ಕಾರಣ ಇರೋದು ಕೆಳಗೆ ಸಣ್ಣದಾಗಿ ಕಾಣೋ ಸಾಲಿನಲ್ಲಿ. ಅಲ್ಲಿ DATE ಅಂತಿದೆ, ಅಂದರೆ ತಾರೀಕು. ಹೇಳಬೇಕಾದ್ದು ಅದನ್ನೇ.

ಹೇಗೆ ಹೇಳೋದು? ಬಸ್ ಪಾಸ್ ಇಟ್ಟುಕೊಂಡು ಹೇಳಿ. ವೆಬ್‌ಸೈಟ್ ಅಂದರೆ ಬಸ್ ಹತ್ತೋ ಪ್ರಯಾಣಿಕ. ಅದರ ಕೈಲಿ ಒಂದು ಪಾಸ್ ಇರುತ್ತೆ, ಅದಕ್ಕೆ ಸರ್ಟಿಫಿಕೇಟ್ ಅಂತಾರೆ. ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ ಅಂತ ಅದರಲ್ಲಿ ಬರೆದಿರುತ್ತೆ. ನಮ್ಮ ಫೋನ್ ಕಂಡಕ್ಟರ್. ಕಂಡಕ್ಟರ್ ತಲೆಯಲ್ಲಿ ಇನ್ನೂ 2021 ಓಡ್ತಾ ಇದ್ದರೆ, 2025ರ ಪಾಸ್ ನೋಡಿ “ಇದು ಇನ್ನೂ ಶುರುವೇ ಆಗಿಲ್ಲ, ಇಳೀರಿ” ಅಂತಾನೆ. ಪಾಸ್ ಸರಿ ಇದೆ, ಪ್ರಯಾಣಿಕನೂ ಸಭ್ಯ. ಕಂಡಕ್ಟರನ ಕ್ಯಾಲೆಂಡರ್ ಹಳೇದು. ದೊಡ್ಡಮ್ಮನಿಗೆ ಇಷ್ಟು ಸಾಕು, ‘ಎನ್‌ಕ್ರಿಪ್ಶನ್’ ಅನ್ನೋ ಪದ ಬಾಯಿಂದ ಬರೋದೇ ಬೇಡ.

ತಾರೀಕು ಮುಂದೆ ಓಡಿದ್ದರೂ ಇದೇ ಗೋಳು. ಆಗ ಪಾಸ್ ಮುಗಿದುಹೋದ ಹಾಗೆ ಕಾಣುತ್ತೆ. ರಜಕ್ಕೆ ಬಂದ ಮೊಮ್ಮಗ ಆಟದಲ್ಲಿ ಹೊಸ ಜೀವ ಸಿಗಲಿ ಅಂತ ತಾರೀಕನ್ನು ಮುಂದಕ್ಕೆ ತಳ್ಳಿ, ಹಾಗೇ ಬಿಟ್ಟು ಊರಿಗೆ ಹೋಗಿರ್ತಾನೆ. ಎಷ್ಟೋ ಸೈಟುಗಳ ಪಾಸ್ 90 ದಿನದ್ದು. ಹಾಗಾಗಿ ವರ್ಷವೇ ತಪ್ಪಬೇಕಾಗಿಲ್ಲ, ಮೂರು ತಿಂಗಳು ಆಚೀಚೆ ಆದರೂ ಸಾಕು.

ಈಗ ಫೋನಿನಲ್ಲಿ ಮಾತಾಡ್ತಾ ಇದನ್ನು ಪತ್ತೆ ಮಾಡೋದು. “ತಾರೀಕು ಸರಿ ಇದೆಯಾ ದೊಡ್ಡಮ್ಮ?” ಅಂತ ಕೇಳಿದರೆ “ಸರಿಯಾಗೇ ಇದೆ, ಮಾರ್ಚ್ 12” ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಲಾಕ್ ಮಾಡಿದ ಪರದೆ ಸಾಮಾನ್ಯವಾಗಿ ದಿನ, ತಿಂಗಳು ತೋರಿಸುತ್ತೆ, ವರ್ಷ ತೋರಿಸಲ್ಲ. ಅದಕ್ಕೇ ವಾರ ಕೇಳಿ.

“ಫೋನಲ್ಲಿ ಏನು ವಾರ ಇದೆ?”
“ಶುಕ್ರವಾರ.”
“ಗೋಡೆ ಕ್ಯಾಲೆಂಡರಲ್ಲಿ?”
“ಅಯ್ಯೋ, ಬುಧವಾರ ಕಣೋ!”

ಸಿಕ್ಕಿಬಿತ್ತು. 2025ರ ಮಾರ್ಚ್ 12 ಬುಧವಾರ, 2021ರದ್ದು ಶುಕ್ರವಾರ. ಕೆಲವು ಸಲ ಕ್ರೋಮ್ ತಾನೇ `Your clock is behind` ಅಥವಾ `ahead` ಅಂತ ಹೇಳಿ, ಫೋನಿನ ತಾರೀಕನ್ನು ಬ್ರ್ಯಾಕೆಟ್‌ನಲ್ಲಿ ಕೊಡುತ್ತೆ. ಆಗ ಬ್ರ್ಯಾಕೆಟ್ ಒಳಗಿರೋದನ್ನು ಓದಿಸಿದರೆ ಆಯ್ತು.

ಸರಿಪಡಿಸೋದು ಹೀಗೆ. ಸೆಟ್ಟಿಂಗ್ಸ್ ತೆರೆದು, ಮೇಲಿನ ಹುಡುಕುವ ಜಾಗದಲ್ಲಿ date ಅಂತ ಟೈಪ್ ಮಾಡಿಸಿ. ಒಂದೊಂದು ಕಂಪನಿ ಒಂದೊಂದು ಮೂಲೆಯಲ್ಲಿ ಬಚ್ಚಿಟ್ಟಿರುತ್ತೆ, ದಾರಿ ಹೇಳೋಕೆ ಹೋಗಬೇಡಿ. ಸಿಕ್ಕಿದ ಪುಟದಲ್ಲಿ ‘ಆಟೋಮ್ಯಾಟಿಕ್’ ಅನ್ನೋ ಗುಂಡಿ ಆಫ್ ಆಗಿದ್ದರೆ ಆನ್ ಮಾಡಿಸಿ. ಟೈಮ್ ಝೋನ್ ಭಾರತದ್ದು, GMT+05:30 ಇರಬೇಕು. ಮೊದಲೇ ಆನ್ ಇದ್ದರೆ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ಸಮಯ ಬರೋದು ಟವರಿಂದ ಅಥವಾ ಇಂಟರ್ನೆಟ್ಟಿಂದ. ಸಿಗ್ನಲ್ ಇಲ್ಲದ ಕಡೆ ಈ ಗುಂಡಿ ಏನೂ ಮಾಡಲ್ಲ, ಅಲ್ಲಿ ಕೈಯಲ್ಲೇ ಹಾಕಬೇಕು. ಹಾಕುವಾಗ ವರ್ಷವನ್ನು ಜೋರಾಗಿ ಓದಿಸಿ. ಬ್ಯಾಟರಿ ಪೂರ್ತಿ ಸತ್ತು ಹಲವು ದಿನ ಬಿದ್ದಿದ್ದ ಹಳೇ ಫೋನ್ ತಾರೀಕು ಮರೆತಿರೋದು ಸಹಜ. ಆಮೇಲೆ ಕ್ರೋಮ್ ಪುಟವನ್ನು ರೀಲೋಡ್ ಮಾಡಿಸಿ.

ಚೀಟಿ ಬಂತು, ಐದು ನಿಮಿಷ ಅಂತೆ. ಮಿಕ್ಕ ಎರಡನ್ನು ಓಡಿಸಿಬಿಡ್ತೀನಿ. ತಾರೀಕು ಸರಿ ಇದ್ದು, ಒಂದೇ ಸೈಟಿನಲ್ಲಿ ಮಾತ್ರ ಇದು ಬಂದರೆ ಆ ಸೈಟಿನವರೇ ಪಾಸ್ ನವೀಕರಿಸೋದು ಮರೆತಿರ್ತಾರೆ. ನಾವು ಮಾಡೋದೇನಿಲ್ಲ, ಕಾಯೋದು. ಇನ್ನೊಂದು, ಅದೇ ಪುಟದ ಕೆಳಗೆ `Advanced` ಒತ್ತಿದರೆ `Proceed` ಅಂತ ಕೊಂಡಿ ಬರಬಹುದು. ದೊಡ್ಡಮ್ಮ “ಕೆಳಗೆ ಏನೋ ಒತ್ತು ಅಂತಿದೆ, ಒತ್ತಲಾ?” ಅಂದರೆ “ಬೇಡ, ಮೊದಲು ವಾರ ನೋಡಿ” ಅನ್ನಿ. ಪ್ರಶ್ನೆಗಳಿದ್ದರೆ ಕೇಳಿ, ಫೋನ್ ಕೈಯಲ್ಲಿಟ್ಟುಕೊಂಡೇ ಕೇಳಿ.