ಮೇಲಿನ ಮನೆಯ ಗ್ರೈಂಡರ್

ನಮಸ್ಕಾರ. ಇವತ್ತು ಡಿಜೆ, ಮೈಕು, ಛತ್ರದ ಗಲಾಟೆ ಬಗ್ಗೆ ಮಾತಾಡುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಓಡುವ ಗ್ರೈಂಡರ್ ಬಗ್ಗೆ ಮಾತಾಡೋಣ, ಯಾಕೆಂದರೆ ಅದನ್ನು ಓಡಿಸುವವರ ಮುಖ ಮರುದಿನ ಮೆಟ್ಟಿಲ ಮೇಲೆ ನೋಡಲೇಬೇಕು, ಅಲ್ವಾ?

ಬೆಂಗಳೂರಿನಲ್ಲಿ ಮೇಲೊಂದು ಕೆಳಗೊಂದು ಬಾಡಿಗೆ ಮನೆ ಅಂತ ಇಟ್ಟುಕೊಳ್ಳಿ. ಮೇಲಿನವರು ಕೆಲಸದಿಂದ ಬರುವುದೇ ರಾತ್ರಿ ಒಂಬತ್ತಕ್ಕೆ. ಅಡುಗೆ, ಊಟ, ಪಾತ್ರೆ ಎಲ್ಲ ಮುಗಿಸಿ ಅಕ್ಕಿ, ಉದ್ದು ರುಬ್ಬಲು ಹಾಕುವ ಹೊತ್ತಿಗೆ ಹತ್ತೂವರೆ ಆಗಿರುತ್ತದೆ. ಕೆಳಗೆ ಮಲಗಿದವರಿಗೆ ಗುರ್ರ್ ಅನ್ನುವ ಸದ್ದು ದಿಂಬಿನೊಳಗಿಂದಲೇ ಬಂದ ಹಾಗಿರುತ್ತದೆ.

ತಮಾಷೆ ಏನೆಂದರೆ, ಇದು ಮೇಲಿನವರಿಗೆ ಗೊತ್ತೇ ಇರುವುದಿಲ್ಲ. ಗ್ರೈಂಡರ್ ಕೂತಿರುವುದು ಅಡುಗೆ ಕಟ್ಟೆಯ ಮೇಲೆ, ಕಟ್ಟೆಯ ಕಲ್ಲು ಗೋಡೆಗೆ ಕಚ್ಚಿಕೊಂಡಿದೆ. ಅದುರು ಗೋಡೆಯಿಂದ ಚಾವಣಿಗೆ, ಚಾವಣಿಯಿಂದ ನಿಮ್ಮ ರೂಮಿಗೆ ಇಳಿಯುತ್ತದೆ. ಅವರು ಅದರ ಪಕ್ಕದಲ್ಲೇ ಟಿವಿ ಹಾಕಿಕೊಂಡು ಆರಾಮಾಗಿ ಮಾತಾಡುತ್ತಿರುತ್ತಾರೆ. ಇಷ್ಟು ಗೊತ್ತಾದರೆ ಬೇಕೂಂತ ಮಾಡ್ತಿದ್ದಾರೆ ಅನ್ನುವ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಹೋಗುವ ಮುಂಚೆ ಸದ್ದು ಅವರದ್ದೇನಾ ಅಂತ ನೋಡಿಕೊಳ್ಳಿ. ಕಟ್ಟಡದೊಳಗೆ ಅದುರು ಎಲ್ಲಿಂದೆಲ್ಲಿಗೋ ಹರಿಯುತ್ತದೆ. ಸಂಪಿನ ಮೋಟಾರಿಗೂ ಪಕ್ಕದ ಮನೆ ವಾಷಿಂಗ್ ಮೆಷಿನ್ನಿಗೂ ಹೆಚ್ಚುಕಡಿಮೆ ಇದೇ ರಾಗ. ಸದ್ದು ಬಂದಾಗ ಮೆಟ್ಟಿಲ ಹತ್ತಿರ ನಿಂತು ಕೇಳಿ, ಎರಡು ಮೂರು ರಾತ್ರಿ ಹೊತ್ತು ಗುರುತು ಹಾಕಿಕೊಳ್ಳಿ. ತಪ್ಪು ಬಾಗಿಲು ತಟ್ಟಿದರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಮಾತಾಡುವುದು ಆ ರಾತ್ರಿಯೇ ಬೇಡ. ನಿದ್ದೆಗೆಟ್ಟವರ ದನಿ ಎಷ್ಟು ಮೆತ್ತಗೆ ಮಾಡಿಕೊಂಡರೂ ಜಗಳದ ದನಿಯೇ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ, ಅವರ ಮನೆಗೆ ನೆಂಟರು ಬಂದಿಲ್ಲದಾಗ, ಒಬ್ಬರೇ ಹೋಗಿ. ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮನೆ ಓನರ್ ಹತ್ತಿರ ಮೊದಲೇ ಹೋಗುವುದು ಅದಕ್ಕಿಂತ ಕೆಟ್ಟದ್ದು. ಬಾಡಿಗೆದಾರರಿಗೆ ಅದು ಮನೆ ಖಾಲಿ ಮಾಡಿಸುವ ಪ್ರಯತ್ನದ ಹಾಗೇ ಕಾಣುತ್ತದೆ.

ಏನು ಹೇಳಬೇಕು? "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಒಂದು ವಿಷಯ. ರಾತ್ರಿ ಗ್ರೈಂಡರ್ ಹಾಕಿದ್ರೆ ನಮ್ಮ ರೂಮಲ್ಲಿ ಜೋರಾಗಿ ಕೇಳುತ್ತೆ. ಮೇಲೆ ನಿಮಗೆ ಅಷ್ಟು ಗೊತ್ತಾಗಲ್ಲ ಅನ್ಸುತ್ತೆ. ಹತ್ತರೊಳಗೆ ಮುಗಿಸೋಕಾಗುತ್ತಾ?" ಇಷ್ಟೇ ಹೇಳಿ ಸುಮ್ಮನಾಗಿ. ಮಕ್ಕಳು ಓಡಾಡೋದು, ಕುರ್ಚಿ ಎಳೆಯೋದು, ಹೋದ ವರ್ಷದ ಪಾರ್ಕಿಂಗ್ ವಿಷಯ, ಇದ್ಯಾವುದನ್ನೂ ಜೊತೆಗೆ ಎಳೆದು ತರಬೇಡಿ. ಬಿಲ್ಡಿಂಗಲ್ಲಿ ಎಲ್ಲರೂ ಹೇಳ್ತಿದಾರೆ ಅಂತಂತೂ ಅನ್ನಲೇಬೇಡಿ, ತಕ್ಷಣ ಯಾರ್ಯಾರು ಅಂತ ಕೇಳುತ್ತಾರೆ.

"ನಾನು ಬರೋದೇ ಒಂಬತ್ತಕ್ಕೆ, ಇನ್ಯಾವಾಗ ರುಬ್ಬಲಿ?" ಅಂತ ಅವರು ಕೇಳಬಹುದು. ಅದನ್ನು ಎದುರುತ್ತರ ಅಂದುಕೊಳ್ಳಬೇಡಿ, ಅವರ ಕಷ್ಟ ನಿಜವಾಗಿ ಅದೇ. ಬೆಳಿಗ್ಗೆಯೇ ನೆನೆಸಿ ಫ್ರಿಜ್ಜಿನಲ್ಲಿಟ್ಟು ಹೋದರೆ ಬಂದ ತಕ್ಷಣ ಮೊದಲು ರುಬ್ಬಲು ಹಾಕಿ, ಅದು ಓಡುವಾಗಲೇ ಅಡುಗೆ ಮಾಡಿಕೊಳ್ಳಬಹುದು. ಇಲ್ಲವೆಂದರೆ ಭಾನುವಾರ ಹಗಲಲ್ಲೇ ಜಾಸ್ತಿ ರುಬ್ಬಿ ಫ್ರಿಜ್ಜಿನಲ್ಲಿಡಬಹುದು. ಎರಡೂ ಆಗದಿದ್ದರೆ ಗ್ರೈಂಡರನ್ನು ಗೋಡೆಗೆ ತಾಗದ ಹಾಗೆ ಸರಿಸಿ, ಅಡಿಗೆ ದಪ್ಪ ರಬ್ಬರ್ ಹಾಕಬೇಕು. ತೆಳು ಮ್ಯಾಟ್ ಏನೂ ಪ್ರಯೋಜನವಿಲ್ಲ. ಗ್ರೈಂಡರ್ ಓಡುವಾಗ ಕಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ, ಕಲ್ಲು ಇನ್ನೂ ಜುಂ ಅನ್ನುತ್ತಿದ್ದರೆ ಕೆಳಗೂ ಇಳಿಯುತ್ತಿದೆ ಅಂತಲೇ ಅರ್ಥ. ರಬ್ಬರ್ ಹಾಕಿದರೂ ಸದ್ದು ಕಡಿಮೆ ಆಗಬಹುದೇ ಹೊರತು ಪೂರ್ತಿ ನಿಲ್ಲುವುದಿಲ್ಲ, ಅದನ್ನೂ ಒಪ್ಪಿಕೊಳ್ಳಿ.

ಅವರು ನಂಬದಿದ್ದರೆ ವಾದ ಬೇಡ. ಗ್ರೈಂಡರ್ ಓಡುತ್ತಿರುವಾಗ ಒಂದು ನಿಮಿಷ ಕೆಳಗೆ ಬಂದು ನಿಮ್ಮ ರೂಮಲ್ಲಿ ನಿಂತು ಕೇಳಲು ಕರೆಯಿರಿ. ನಾಲ್ಕು ಸಲ ಹೇಳಿದರೂ ತಲೆಗೆ ಹೋಗದ್ದು ಅಲ್ಲಿ ನಿಂತರೆ ಹೋಗುತ್ತದೆ.

ಇಷ್ಟಾದರೂ ಕೇಳದಿದ್ದರೆ ಕಾನೂನಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಜನವಸತಿ ಜಾಗಕ್ಕೆ ರಾತ್ರಿ ಮಿತಿ 45 ಡೆಸಿಬಲ್. 112ಕ್ಕೂ ಫೋನ್ ಮಾಡಬಹುದು. ಆದರೆ ಆ ಮಿತಿ ಇಡೀ ಪ್ರದೇಶದ ಸದ್ದಿಗೆ ಹೇಳಿದ್ದು, ಚಾವಣಿಯಿಂದ ಇಳಿಯುವ ಅದುರನ್ನು ಅದರಿಂದ ಅಳೆಯುವುದು ಕಷ್ಟ. ನನ್ನ ಪ್ರಕಾರ ಗ್ರೈಂಡರಿಗೆ ಪೊಲೀಸರನ್ನು ಕರೆದರೆ ಸದ್ದು ಒಂದು ವಾರ ನಿಲ್ಲುತ್ತದೆ, ಮಾತು ವರ್ಷಗಟ್ಟಲೆ ನಿಲ್ಲುತ್ತದೆ. ಅದಕ್ಕಿಂತ ಮೊದಲು ಅಸೋಸಿಯೇಷನ್ ಇದ್ದರೆ ಅವರಿಗೆ ಹೇಳಿ, ಇಲ್ಲದಿದ್ದರೆ ಆಗ ಓನರ್‌ಗೆ ತಿಳಿಸಿ.

ಇನ್ನೊಂದು ವಿಷಯ. ನೀವು ಕೇಳಲು ಹೋದಾಗ "ನಿಮ್ಮ ಮಿಕ್ಸಿ ಬೆಳಿಗ್ಗೆ ಐದಕ್ಕೇ ಶುರುವಾಗುತ್ತಲ್ಲ" ಅಂತ ಅವರೂ ಅನ್ನಬಹುದು. ಅದೂ ಆರರ ಒಳಗಿನದ್ದೇ. "ಹೌದಾ ಅಕ್ಕಾ, ಗೊತ್ತೇ ಇರಲಿಲ್ಲ, ಇನ್ಮೇಲೆ ಚಟ್ನಿ ಆರರ ಮೇಲೆ" ಅಂದುಬಿಡಿ.