ಮಾರ್ಕ್ಸ್ ಕಾರ್ಡ್ ಅವರ ಮುಂದೆಯೇ ಇದೆ

ಕೇಳುಗರಿಗೆ ನಮಸ್ಕಾರ. ಪಿಯುಸಿ ಮುಗಿಸಿ ಸ್ಕಾಲರ್‌ಶಿಪ್ ಸಂದರ್ಶನಕ್ಕೆ ಹೊರಟಿರುವ ಮಕ್ಕಳು, ಅದರಲ್ಲೂ ನಿಮ್ಮ ಮನೆಯಿಂದ ಕಾಲೇಜಿಗೆ ಹೋಗುತ್ತಿರುವವರಲ್ಲಿ ನೀವೇ ಮೊದಲಿಗರಾಗಿದ್ದರೆ, ಸ್ವಲ್ಪ ರೇಡಿಯೋ ಹತ್ತಿರ ಬನ್ನಿ.

ಒಳಗೆ ಹೋಗಿ ಕೂತ ಕೂಡಲೇ ಕೇಳುತ್ತಾರೆ, "ನಿಮ್ಮ ಬಗ್ಗೆ ಹೇಳಿ." ನಾನು ಆ ಮೇಜಿನ ಈಚೆ ಕಡೆ ಬಹಳ ವರ್ಷ ಕೂತವನು. ಬಂದವರಲ್ಲಿ ಹೆಚ್ಚಿನವರದು ಒಂದೇ ಪಾಠ. ನನ್ನ ಹೆಸರು ಇಂಥದ್ದು, ತಂದೆಯ ಹೆಸರು ಇಂಥದ್ದು, ಇಷ್ಟು ಪರ್ಸೆಂಟ್, ಹವ್ಯಾಸ ಪುಸ್ತಕ ಓದುವುದು. ಯಾವ ಪುಸ್ತಕ ಅಂದರೆ ಸೀಲಿಂಗ್ ನೋಡುತ್ತಾರೆ! ಅಲ್ಲ, ನಿಮ್ಮ ಹೆಸರು, ಮಾರ್ಕ್ಸು, ಆದಾಯ ಪ್ರಮಾಣಪತ್ರ ಎಲ್ಲ ಅವರ ಮುಂದಿನ ಫೈಲಿನಲ್ಲೇ ಇದೆ. ಫೈಲಿನಲ್ಲಿ ಇಲ್ಲದ್ದನ್ನು ಹೇಳಿ. ನೀವು ಕೈಯಾರೆ ಮಾಡಿದ ಒಂದು ಕೆಲಸ ಹೇಳಿ. ಇವತ್ತು ನಾನು ಹೇಳೋದು ಇದೊಂದೇ.

ಶನಿವಾರಸಂತೆ ಕಡೆಯ ಒಬ್ಬ ಹುಡುಗಿ ಅಭ್ಯಾಸಕ್ಕೆ ಅಂತ ನಮ್ಮ ಮನೆಗೆ ಬಂದಿದ್ದಳು. ಬಿ.ಕಾಂ. ಸೇರಬೇಕು. ಅಪ್ಪ ಪಿಕಪ್ ಓಡಿಸುತ್ತಾರೆ, ಅಮ್ಮ ತೋಟದಲ್ಲಿ ಕಾಫಿ ಕುಯ್ಯುತ್ತಾರೆ. ಅವಳೂ ಅದೇ ಪಾಠ ಒಪ್ಪಿಸಿದಳು. ನಾನು ನಿಲ್ಲಿಸಿ, "ಭಾನುವಾರ ಏನು ಮಾಡ್ತೀಯಮ್ಮ?" ಅಂದೆ. "ಕುಯ್ಲಿನ ಸಮಯದಲ್ಲಿ ಅಮ್ಮನ ಜೊತೆ ತೋಟಕ್ಕೆ ಹೋಗ್ತೀನಿ ಸರ್. ತೂಕ ಬರ್ಕೊಳ್ತೀನಿ." ಏನು ತೂಕ ಅಂತ ಕೆದಕಿದ ಮೇಲೆ ನಿಧಾನಕ್ಕೆ ಹೊರಗೆ ಬಂತು.

ಸಂಜೆ ಹಣ್ಣಿನ ಚೀಲಗಳನ್ನು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ತೂಕ ಕೂಗಿ ಹೇಳುತ್ತಾರೆ, ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇವಳೂ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದು ಚೀಲದ್ದೂ ಬೇರೆ ಬೇರೆ ಬರೆಯುತ್ತಿದ್ದಳು. ಒಂದು ಭಾನುವಾರ ಮೂರು ಚೀಲ: 38, 41, 17. ಒಟ್ಟು 96 ಕಿಲೋ. ಬಟವಾಡೆ ದಿನ ನೋಡಿದರೆ 27 ಕಿಲೋ ಕಡಿಮೆ. ಕಿಲೋಗೆ 5 ರೂಪಾಯಿಯಂತೆ 135 ರೂಪಾಯಿ. ಅಮ್ಮ ಸುಮ್ನೆ ಬಾ ಅಂದರಂತೆ. ಇವಳು ಬಿಡಲಿಲ್ಲ, ಹಾಳೆ ತೋರಿಸಿದಳು. ಹುಡುಕಿದಾಗ ಅಂಕಿ ಹಿಂದುಮುಂದಾಗಿತ್ತು. 96 ಬರೆಯುವಲ್ಲಿ 69 ಬರೆದಿದ್ದರು. ಆ ಮನುಷ್ಯ ಒಳ್ಳೆಯವರೇ, ಅಲ್ಲೇ ತಿದ್ದಿದರು. ಮುಂದಿನ ವಾರದಿಂದ ತೋಟದ ಕೆಲಸದವರ ಲೈನ್ ಮನೆಯ ಹೆಂಗಸರು ಚೀಟಿ ಹಿಡಿದು ಇವಳ ಹತ್ತಿರ ಬರತೊಡಗಿದರು. ಕುಯ್ಲು ಮುಗಿಯುವಷ್ಟರಲ್ಲಿ ಇವಳ ಹತ್ತಿರ ಹನ್ನೊಂದು ಮನೆಯ ಲೆಕ್ಕ ಇತ್ತು.

"ಇದನ್ನ ಯಾಕೆ ಹೇಳಲಿಲ್ಲ?" ಅಂದರೆ, "ಕೂಲಿ ವಿಷಯ ಅಲ್ವಾ ಸರ್, ಅಲ್ಲಿ ಹೇಳೋಕಾಗುತ್ತಾ?" ಅಂದಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಹವ್ಯಾಸ ಅಂದರೆ ಪುಸ್ತಕ ಓದುವುದು ಅಂತ ಇವರಿಗೆ ಬಾಯಿಪಾಠ ಮಾಡಿಸಿದವರ ಮೇಲೆ.

ಆಮೇಲೆ ಅವಳು ಹೇಳಿದ್ದು ಹೀಗೆ: "ನಾನು ಬಿ.ಕಾಂ. ಸೇರಬೇಕು ಅಂತಿದ್ದೀನಿ. ಕಳೆದ ಕುಯ್ಲಿನಲ್ಲಿ ಹನ್ನೊಂದು ಮನೆಯವರ ಕಾಫಿ ತೂಕದ ಲೆಕ್ಕ ಬರೆದೆ. ಅಮ್ಮನ ಲೆಕ್ಕದಲ್ಲಿ 27 ಕಿಲೋ ತಪ್ಪಿತ್ತು. ಚೀಲವಾರು ಬರೆದಿದ್ದರಿಂದ ಎಲ್ಲಿ ತಪ್ಪಿದೆ ಅಂತ ತೋರಿಸಲು ಆಯಿತು. ಒಟ್ಟು ಮಾತ್ರ ಬರೆದಿದ್ದರೆ ಆಗುತ್ತಿರಲಿಲ್ಲ. ಲೆಕ್ಕಪತ್ರ ಸರಿಯಾಗಿ ಕಲಿಯಬೇಕು ಅನ್ನಿಸಿದ್ದು ಆಗ. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವುದು ನಾನೇ ಮೊದಲು. ಫೀಸು ಅಪ್ಪ ಹೊಂದಿಸುತ್ತಾರೆ, ಹಾಸ್ಟೆಲ್ ಖರ್ಚಿಗೆ ಈ ಸಹಾಯ ಬೇಕು." ಅಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಬಡತನ ಒಂದೇ ವಾಕ್ಯದಲ್ಲಿ ಬಂತು, ಅದೂ ಖರ್ಚಿನ ಹೆಸರು ಹಿಡಿದು.

ಇದರಿಂದ ಏನಾಗುತ್ತದೆ ಅಂದರೆ, ಮುಂದಿನ ಪ್ರಶ್ನೆಗಳೂ ಅಲ್ಲಿಂದಲೇ ಹುಟ್ಟುತ್ತವೆ. ಮಳೆಯಲ್ಲಿ ನೆನೆದ ಹಣ್ಣಿನ ತೂಕ ಏನು ಮಾಡ್ತಿದ್ರಿ? ಚೀಲದ ತೂಕ ಕಳೀತಿದ್ರಾ? ಎಲ್ಲಕ್ಕೂ ಅವಳ ಹತ್ತಿರ ಉತ್ತರ ಇತ್ತು. ಮಾಡದ ಕೆಲಸ ಕಟ್ಟಿ ಹೇಳಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ನಿಮ್ಮದು ಏಣಿ ಹತ್ತಿ ಕಾಳುಮೆಣಸು ಕುಯ್ದದ್ದಿರಬಹುದು, ಅಜ್ಜಿಯ ಪಿಂಚಣಿ ಅರ್ಜಿ ತುಂಬಿಸಿದ್ದಿರಬಹುದು. ನೀವು ಮಾಡಿದ್ದಾಗಿರಬೇಕು, ಅದರಲ್ಲಿ ಒಂದಾದರೂ ಅಂಕಿ ಇರಬೇಕು.

ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ, ಸಮಯ ಆಯಿತಂತೆ. ಬೇಗ ಹೇಳಿಬಿಡ್ತೀನಿ. ಪದ ಪದ ಬಾಯಿಪಾಠ ಬೇಡ. ಹೇಳುವಾಗ ಮಧ್ಯೆ ತಡೆದು ಪ್ರಶ್ನೆ ಕೇಳಲು ತಮ್ಮನಿಗೋ ಅಕ್ಕನಿಗೋ ಹೇಳಿ. ಉತ್ತರ ಕೊಟ್ಟು ಬಿಟ್ಟಲ್ಲಿಂದ ಮುಂದುವರಿದರೆ ಸರಿ. ಮತ್ತೆ "ನನ್ನ ಹೆಸರು" ಅಂತ ಶುರು ಮಾಡಿದರೆ ಅದು ಬಾಯಿಪಾಠವೇ. ಇಂಗ್ಲಿಷ್ ತಡವರಿಸಿದರೆ, ಕನ್ನಡದಲ್ಲಿ ಹೇಳಲಾ ಅಂತ ಮೊದಲೇ ಕೇಳಿ. ಅವಳದರಂಥ ಹಾಳೆ ನಿಮ್ಮ ಹತ್ತಿರ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ, ಕಾಫಿ ಕರೆ ಆಗಿದ್ದರೂ ಪರವಾಗಿಲ್ಲ. ನಮಸ್ಕಾರ.