ಕಾರ್ಡ್ ವಾಲಿದೆಯೇ, ಕನೆಕ್ಟರ್ ಪೂರ್ತಿ ಕೂತಿದೆಯೇ?

[ದೃಶ್ಯ: ಮೇಜಿನ ಮೇಲೆ ಗಾಜಿನ ಬಾಗಿಲಿನ ಕ್ಯಾಬಿನೆಟ್. ಕ್ಯಾಮೆರಾ ನಿಧಾನವಾಗಿ ಗ್ರಾಫಿಕ್ಸ್ ಕಾರ್ಡಿನ ತುದಿಯತ್ತ ಸರಿಯುತ್ತದೆ]

ನಮಸ್ಕಾರ. ಈ ಕಂಪ್ಯೂಟರನ್ನು ಜೋಡಿಸಿದವನು ನಾನೇ, ಆದ್ದರಿಂದ ಇದರಲ್ಲಿರುವ ತಪ್ಪೂ ನನ್ನದೇ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಭಾರಿ ರೆಂಡರಿಂಗ್ ಹಾಕಿದಾಗಲೆಲ್ಲ ಪರದೆ ಕಪ್ಪಾಗಿ, ಕಾರ್ಡಿನ ಫ್ಯಾನುಗಳು ಒಮ್ಮೆಲೇ ಜೋರಾಗಿ ಸುತ್ತತೊಡಗಿದವು. ಡ್ರೈವರ್ ಬದಲಿಸಿ ನೋಡಿದೆ, ವಿಂಡೋಸನ್ನೂ ಹೊಸದಾಗಿ ಹಾಕಿದೆ. ಗಾಜಿನ ಬಾಗಿಲು ತೆಗೆದು ಟಾರ್ಚ್ ಹಿಡಿಯುವುದು ಮಾತ್ರ ಕೊನೆಗೆ ಹೊಳೆಯಿತು.

[ದೃಶ್ಯ: ಕನೆಕ್ಟರಿನ ಸಮೀಪ ನೋಟ. ಬಲಬದಿಯಲ್ಲಿ ತೆಳು ಸಂದು]

ಇಲ್ಲಿ ನೋಡಿ, ಕಾರ್ಡಿಗೆ ವಿದ್ಯುತ್ ತರುವ ಕೇಬಲಿನ ಕನೆಕ್ಟರ್. ಎಡಬದಿ ಪೂರ್ತಿ ಒಳಗೆ ಹೋಗಿದೆ, ಬಲಬದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಉಳಿದಿದೆ. ಗಾಜು ಕೇಬಲನ್ನು ಒತ್ತುತ್ತಿತ್ತು, ಕಾರ್ಡ್ ತುದಿಯಲ್ಲಿ ಕೆಳಗೆ ವಾಲಿತ್ತು. ಎರಡೂ ಸೇರಿ ಕನೆಕ್ಟರನ್ನು ಓರೆ ಮಾಡಿದ್ದವು.

ಇದು ಆರ್‌ಟಿಎಕ್ಸ್ 4090. ತೂಕ ಎರಡು ಕಿಲೋಗಿಂತ ಹೆಚ್ಚು, ಉದ್ದ ಒಂದು ಅಡಿಯ ಆಸುಪಾಸು. ಇಷ್ಟು ಭಾರವನ್ನು ಹಿಡಿದಿರುವುದು ಹಿಂಬದಿಯ ತಗಡಿನ ಪಟ್ಟಿ, ಅದರ ಸ್ಕ್ರೂಗಳು, ಮತ್ತು ಒಂಬತ್ತು ಸೆಂಟಿಮೀಟರಿನಷ್ಟು ಉದ್ದದ ಸ್ಲಾಟ್. ಗೋಡೆಯಿಂದ ಹೊರಚಾಚಿದ ಸಜ್ಜೆಯಂತೆ ಉಳಿದದ್ದೆಲ್ಲ ಗಾಳಿಯಲ್ಲಿದೆ.

[ದೃಶ್ಯ: ಬೆರಳಿನಿಂದ ಕಾರ್ಡಿನ ಮೂಲೆಯನ್ನು ತೋರಿಸುವುದು]

ಕಾರ್ಡ್ ನೇರವಾಗಿ ಕೆಳಗಿಳಿಯುವುದಿಲ್ಲ, ತಿರುಚಿಕೊಂಡು ಇಳಿಯುತ್ತದೆ. ಒಂದು ಬದಿಯಲ್ಲಿ ಮದರ್‌ಬೋರ್ಡ್, ಹಿಂದೆ ತಗಡು, ಎರಡೂ ಹಿಡಿದಿವೆ. ಹಿಡಿತವಿಲ್ಲದೆ ಉಳಿಯುವುದು ಮುಂಬದಿಯ, ಗಾಜಿನ ಕಡೆಯ ಈ ಮೂಲೆ. ಕಾರ್ಡನ್ನು ಕೆಳಗಿನಿಂದ ಆನಿಸುವ ಊರುಗೋಲು ಬೇಕಾದದ್ದು ಇಲ್ಲಿಗೆ. ಹಲವರು ಕಾರ್ಡಿನ ನಡುವೆ ಇಡುತ್ತಾರೆ. ನೋಡಲು ಚೆಂದ, ಕೆಲಸ ಅರ್ಧ. ತಿರುಚುವಿಕೆಯ ಒತ್ತಡವೆಲ್ಲ ಸ್ಲಾಟಿನ ಕೊನೆಯಲ್ಲಿರುವ ಕೊಕ್ಕೆಯ ಬಳಿ ಬೀಳುತ್ತದೆ. ರಿಪೇರಿಯವರ ಕೈಗೆ ಬರುವ ಬಿರುಕು ಬಿಟ್ಟ ಬೋರ್ಡುಗಳಲ್ಲಿ ಸೀಳು ಸಾಮಾನ್ಯವಾಗಿ ಕಾಣುವುದು ಅಲ್ಲೇ.

ಎಷ್ಟು ವಾಲಿದೆಯೆಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ಶಾಲೆಯ ಸ್ಕೇಲ್ ಸಾಕು. ಕಾರ್ಡಿನ ಕೆಳಮೈಯಿಂದ ಕ್ಯಾಬಿನೆಟ್ಟಿನ ತಳಕ್ಕೆ, ಹಿಂಬದಿಯಲ್ಲೊಮ್ಮೆ, ಆ ಮೂಲೆಯಲ್ಲೊಮ್ಮೆ ಅಳೆಯಿರಿ. ನನ್ನದರಲ್ಲಿ ಹಿಂದೆ 92 ಮಿಲಿಮೀಟರ್, ಮುಂದೆ 85. ಏಳು ಮಿಲಿಮೀಟರ್ ಇಳಿದಿತ್ತು.

[ದೃಶ್ಯ: ಕಾಗದದ ಮೇಲೆ ಆರು ತಂತಿಗಳ ಚಿತ್ರ]

ಈಗ ಕನೆಕ್ಟರಿಗೆ ಬರೋಣ. ಹಳೆಯ 8 ಪಿನ್ನಿನ ಕನೆಕ್ಟರ್ 150 ವ್ಯಾಟ್‌ಗೆಂದು ಮಾಡಿದ್ದು. ಅದಕ್ಕಿಂತ ಚಿಕ್ಕ ಪಿನ್ನುಗಳಿರುವ ಈ 16 ಪಿನ್ನಿನ ಕನೆಕ್ಟರ್ 600 ವ್ಯಾಟ್ ಹೊರಬೇಕು. ನಾಲ್ಕು ಸಣ್ಣ ಪಿನ್ನುಗಳು ಸಂಕೇತಕ್ಕೆ ಮಾತ್ರ. ಉಳಿದ ಹನ್ನೆರಡರಲ್ಲಿ ಆರು ವಿದ್ಯುತ್ ತರುತ್ತವೆ, ಆರು ಹಿಂದಕ್ಕೆ ಒಯ್ಯುತ್ತವೆ.

ಕಾರ್ಡ್ 450 ವ್ಯಾಟ್ ಎಳೆಯುತ್ತಿದೆ ಎನ್ನಿ. 12 ವೋಲ್ಟ್‌ಗೆ ಅದು 37.5 ಆಂಪಿಯರ್. ಆರು ಪಿನ್ನುಗಳೂ ಸಮನಾಗಿ ಹಂಚಿಕೊಂಡರೆ ತಲಾ ಆರೂಕಾಲು. ಒಂದೊಂದು ಪಿನ್ನಿಗೂ ಒಂಬತ್ತು ಚಿಲ್ಲರೆ ಆಂಪಿಯರ್ ತಡೆಯುವ ಶಕ್ತಿಯಿದೆ, ಚಿಂತೆಯಿಲ್ಲ. ಆದರೆ ಕನೆಕ್ಟರ್ ಓರೆಯಾಗಿ ಮೂರು ಪಿನ್ನುಗಳು ಸರಿಯಾಗಿ ತಾಗದೇ ಹೋದವೆನ್ನಿ. ಕಾರ್ಡ್ ತನ್ನ ಬೇಡಿಕೆ ಇಳಿಸುವುದಿಲ್ಲ. ಅಷ್ಟೂ ವಿದ್ಯುತ್ ಉಳಿದ ಮೂರರಲ್ಲೇ ಹರಿಯುತ್ತದೆ, ತಲಾ ಹನ್ನೆರಡೂವರೆ ಆಂಪಿಯರ್. ಪಿನ್ನಿನಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹರಿವು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಪ್ಲಾಸ್ಟಿಕ್ ಕರಗುವುದು ಹೀಗೆ.

2022ರ ಅಕ್ಟೋಬರಿನಲ್ಲಿ ಈ ಕಾರ್ಡ್ ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಕರಗಿದ ಕನೆಕ್ಟರುಗಳ ಚಿತ್ರಗಳು ಬಂದವು. ಪೂರ್ತಿ ಕೂರಿಸದಿರುವುದೇ ಸಾಮಾನ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. ಅರ್ಧ ಕೂತ ಕನೆಕ್ಟರಿನಲ್ಲೂ ಕಾರ್ಡ್ ಚಾಲೂ ಆಗುವಂತೆ ವಿನ್ಯಾಸ ಮಾಡಿದವರ ಪಾಲೂ ಇದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ಅದನ್ನು ತಿದ್ದಿದರು: ಸಂಕೇತದ ಪಿನ್ನುಗಳನ್ನು ಗಿಡ್ಡ ಮಾಡಿ, ವಿದ್ಯುತ್ತಿನ ಪಿನ್ನುಗಳನ್ನು ತುಸು ಉದ್ದ ಮಾಡಿದರು. ಸಂಕೇತದ ಪಿನ್ನುಗಳು ತಾಗದಿದ್ದರೆ ಕಾರ್ಡ್ ವಿದ್ಯುತ್ತನ್ನೇ ಎಳೆಯುವುದಿಲ್ಲ. ಹಾಗೆಂದು ಹೊಸ ಕನೆಕ್ಟರ್ ಕರಗುವುದೇ ಇಲ್ಲವೆಂದಲ್ಲ. ಕರಗಿದ್ದೂ ಇದೆ.

[ದೃಶ್ಯ: ಎಸ್‌ಎಂಪಿಎಸ್ ಸ್ವಿಚ್ ಆರಿಸುವ ಕೈ. ನಂತರ ಕ್ಯಾಬಿನೆಟ್ಟನ್ನು ಮಲಗಿಸುವುದು]

ಸರಿಪಡಿಸುವಾಗ ಕೆಲಸದ ಕ್ರಮ ಮುಖ್ಯ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಮೇಲ್ಮುಖವಾಗುವಂತೆ ಮಲಗಿಸಿ, ಕಾರ್ಡನ್ನು ಹೊರತೆಗೆಯಿರಿ.

ಕೇಬಲನ್ನು ಕಾರ್ಡ್ ಕೈಯಲ್ಲಿರುವಾಗಲೇ ಸಿಕ್ಕಿಸಿ. ಒಳಗೆ ಕೂರಿಸಿದ ಮೇಲೆ ಕೈಯೂ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಮೊದಲು ಪಿನ್ನಿನ ತೂತುಗಳಲ್ಲಿ ಕಸವಿದೆಯೇ, ಬಣ್ಣ ಕಂದಾಗಿದೆಯೇ ನೋಡಿ. ಕಂದಾಗಿದ್ದರೆ ಆ ಕೇಬಲ್ ಬಳಸಬೇಡಿ, ಕಾರ್ಡಿನ ಕಡೆಯನ್ನೂ ರಿಪೇರಿಯವರಿಗೆ ತೋರಿಸಿ. ಸ್ವಚ್ಛವಾಗಿದ್ದರೆ ಕನೆಕ್ಟರನ್ನು ಎರಡು ಬದಿಗೂ ಸಮನಾಗಿ ಒತ್ತಿ. ತಂತಿ ಹಿಡಿದು ಒತ್ತಬೇಡಿ.

"ಟಕ್" ಎಂಬ ಸದ್ದನ್ನು ನಂಬಬೇಡಿ. ಕೆಲವು ಕೇಬಲುಗಳಲ್ಲಿ ಅದು ಕೇಳಿಸುವುದೇ ಇಲ್ಲ, ಇನ್ನು ಕೆಲವದರಲ್ಲಿ ಪೂರ್ತಿ ಕೂರುವ ಮೊದಲೇ ಕೇಳಿಸಿದಂತಾಗುತ್ತದೆ. ಟಾರ್ಚ್ ಹಿಡಿದು ಸುತ್ತ ನೋಡಿ: ಎಲ್ಲೂ ಸಂದಿರಬಾರದು. ಕೊಕ್ಕೆಯ ಮೂಗು ಗೂಟದಾಚೆ ಇಳಿದಿರಬೇಕು. ಆಮೇಲೆ ಮೆಲ್ಲಗೆ ಹಿಂದಕ್ಕೆಳೆದರೆ ಅಲುಗಬಾರದು.

[ದೃಶ್ಯ: ಕನೆಕ್ಟರಿನಿಂದ ಸ್ಕೇಲ್ ಹಿಡಿದು 35 ಮಿಲಿಮೀಟರ್ ಗುರುತು]

ಕನೆಕ್ಟರಿನಿಂದ ಮೊದಲ 35 ಮಿಲಿಮೀಟರ್ ಕೇಬಲ್ ನೇರವಾಗಿರಲಿ, ಬಾಗು ಏನಿದ್ದರೂ ಅದರಾಚೆ. ನನ್ನ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಅಂಚಿನಿಂದ ಗಾಜಿಗೆ ಇದ್ದದ್ದು ಕೇವಲ 28. ಯಾವ ಊರುಗೋಲೂ ಇದಕ್ಕೆ ಪರಿಹಾರವಲ್ಲ. ಅಗಲವಾದ ಕ್ಯಾಬಿನೆಟ್ ಕೊಂಡೆ; ಈಗ ನೋಡುತ್ತಿರುವುದು ಅದನ್ನೇ.

ಇನ್ನು ಕಾರ್ಡನ್ನು ಸ್ಲಾಟಿಗೆ ಇಳಿಸಿ. ಮಲಗಿದ ಕ್ಯಾಬಿನೆಟ್ಟಿನಲ್ಲಿ ಅದರ ಭಾರವೇ ಅದನ್ನು ನೆಟ್ಟಗೆ ಕೂರಿಸುತ್ತದೆ. ಹಿಂದಿನ ಸ್ಕ್ರೂಗಳನ್ನು ಈ ಸ್ಥಿತಿಯಲ್ಲೇ ಬಿಗಿಯಿರಿ. ನಿಲ್ಲಿಸಿ ಬಿಗಿದರೆ ವಾಲಿದ್ದನ್ನೇ ಗಟ್ಟಿ ಮಾಡಿದಂತೆ. ಇಷ್ಟಕ್ಕೇ ನನ್ನ ಏಳು ಮಿಲಿಮೀಟರ್ ಮೂರಕ್ಕೆ ಇಳಿಯಿತು.

[ದೃಶ್ಯ: ಕ್ಯಾಬಿನೆಟ್ ನಿಲ್ಲಿಸಿ, ಮೂಲೆಯ ಕೆಳಗೆ ಊರುಗೋಲು ಇಟ್ಟು ತಿರುಗಿಸುವುದು]

ಕ್ಯಾಬಿನೆಟ್ ನಿಲ್ಲಿಸಿ, ಒಂದು ಕೈಯಲ್ಲಿ ಆ ಮೂಲೆಯನ್ನು ಮಟ್ಟಕ್ಕೆ ಎತ್ತಿ ಹಿಡಿಯಿರಿ. ಊರುಗೋಲಿನ ತಲೆ ಕಾರ್ಡಿನ ಗಟ್ಟಿ ಚೌಕಟ್ಟಿಗೆ ತಾಗಲಿ, ಫ್ಯಾನಿನ ರೆಕ್ಕೆಗಲ್ಲ. ತಾಗಿದ ಮೇಲೆ ಅರ್ಧ ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ಎತ್ತಿದರೆ ತಿರುಚುವಿಕೆ ಎದುರು ದಿಕ್ಕಿಗೆ ಶುರುವಾಗುತ್ತದೆ. ಹಿಂದೆ, ಮುಂದೆ ಎರಡೂ ಕಡೆ ಒಂದೇ ಅಳತೆ ಬಂದರೆ ನಿಲ್ಲಿಸಿ.

ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಈ ಆಜ್ಞೆ ಹೇಳುತ್ತದೆ:

```
nvidia-smi --query-gpu=pcie.link.width.current,power.draw --format=csv
```

ಮೊದಲ ಅಂಕಿ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ದತ್ತಾಂಶದ ಹಾದಿಗಳ ಸಂಖ್ಯೆ, ಅದು 16 ಬರಬೇಕು. 8 ಬಂದರೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ ನೋಡಿ. ಕೆಲವು ಮದರ್‌ಬೋರ್ಡುಗಳು ಆ ಹಾದಿಗಳನ್ನು ಎಸ್‌ಎಸ್‌ಡಿ ಜೊತೆ ಹಂಚಿಕೊಂಡು ತಾವೇ 8ಕ್ಕೆ ಇಳಿಸುತ್ತವೆ, ಅದನ್ನೂ ಪರಿಶೀಲಿಸಿ. ಕನೆಕ್ಟರಿನ ವೋಲ್ಟೇಜನ್ನು ಎಚ್‌ಡಬ್ಲ್ಯುಇನ್‌ಫೋ ಎಂಬ ತಂತ್ರಾಂಶದಲ್ಲಿ ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ನೋಡಿ. ನನ್ನದು ಮೊದಲು 11.6ಕ್ಕೆ ಕುಸಿಯುತ್ತಿತ್ತು, ಈಗ 11.9ರ ಹತ್ತಿರ ನಿಲ್ಲುತ್ತದೆ. ಆದರೆ ಅದು ಆರೂ ಪಿನ್ನುಗಳ ಒಟ್ಟು ಲೆಕ್ಕ. ಒಂದೇ ಪಿನ್ ಬಿಸಿಯಾಗುತ್ತಿದ್ದರೆ ಈ ಅಂಕಿಯಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಟಾರ್ಚನ್ನು ದೂರ ಇಡಬೇಡಿ.

ಕೊನೆಯದಾಗಿ, ಬಾಡಿಗೆ ಮನೆ ಬದಲಿಸುವವರಿಗೆ. ಊರುಗೋಲು ಕೆಳಗಿನಿಂದ ಆನಿಸಿದ್ದು ಅಷ್ಟೇ, ಬಿಗಿದದ್ದಲ್ಲ. ಬೆಂಗಳೂರಿನ ಹಂಪುಗಳಲ್ಲಿ ಟೆಂಪೊ ಒಮ್ಮೆ ಹಾರಿದರೆ ಅದು ಬಿದ್ದು ಫ್ಯಾನಿಗೆ ಬಡಿಯುತ್ತದೆ. ಹೊರಡುವ ಮುನ್ನ ಅದನ್ನು ತೆಗೆದಿಡಿ, ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಳ್ಳಿ.